‘ಹಕ್ಕಿ ಅಂದರೆ ಕಾಲ’ ಅಂತ ಬರೆದು ನಿಲ್ಲಿಸಬೇಡಿ: ಕವಿತೆಯ ಸಂಕೇತದ ಮೇಲೆ ಪದವಿ ಮಟ್ಟದ ಪ್ರಬಂಧ ಬರೆಯುವ ಕ್ರಮ

ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಕವಿತೆಯಲ್ಲಿ ಸಂಕೇತದ ಬಳಕೆ ಹೇಗಿದೆ, ಪಠ್ಯದ ಆಧಾರದೊಂದಿಗೆ ಚರ್ಚಿಸಿ. ಈ ಪ್ರಶ್ನೆ ಕೊಟ್ಟಾಗಲೆಲ್ಲ ಕೈಗೆ ಬರುವ ಪ್ರಬಂಧಗಳು ಒಂದೇ ಅಚ್ಚಿನಲ್ಲಿ ಹೊಯ್ದಂತೆ ಇರುತ್ತವೆ. ಮೊದಲ ಪುಟದಲ್ಲಿ ಕವಿಯ ಹುಟ್ಟು, ಊರು, ಪ್ರಶಸ್ತಿ. ಎರಡನೆಯ ಪುಟದಲ್ಲಿ ‘ಇಲ್ಲಿ ಹಕ್ಕಿ ಕಾಲದ ಸಂಕೇತವಾಗಿದೆ’ ಅನ್ನುವ ಒಂದು ವಾಕ್ಯ. ಆಮೇಲೆ ಏಳೂ ನುಡಿಗಳ ಸಾರಾಂಶ. ಬರೆದವರಿಗೆ ಕವಿತೆ ಅರ್ಥವಾಗಿಲ್ಲ ಅಂತಲ್ಲ. ಕೆಲಸದ ಕ್ರಮ ತಲೆಕೆಳಗಾಗಿದೆ, ಅಷ್ಟೇ. ಉತ್ತರ ಮೊದಲು ಬರೆದು, ಆಮೇಲೆ ಅದಕ್ಕೆ ಸಾಲು ಹುಡುಕಿದ್ದಾರೆ.

ಹಾಗಾಗಿ ಇಲ್ಲಿ ಅದೇ ಕವಿತೆಯನ್ನು ಹಿಡಿದು, 1500 ಪದಗಳ ಒಂದು ಪ್ರಬಂಧವನ್ನು ಹಂತ ಹಂತವಾಗಿ ಕಟ್ಟೋಣ. ಕವಿತೆಯನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿ.

## ಬೇಕಾಗುವ ಸಾಮಾನು

ಅಚ್ಚಾದ ಪುಸ್ತಕದಿಂದ ತೆಗೆದ ಕವಿತೆಯ ಪ್ರತಿ, ಎರಡು ಬಣ್ಣದ ಪೆನ್ಸಿಲ್ಲು, ಒಂದು ನೋಟ್‌ಬುಕ್ಕು, ಒಂದು ಒಳ್ಳೆಯ ನಿಘಂಟು. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಕಾಲೇಜಿನ ಲೈಬ್ರರಿಯಲ್ಲಿ ಸಿಗುತ್ತದೆ. ಕಿಟ್ಟೆಲ್ ನಿಘಂಟು ಸಿಕ್ಕರೆ ಅದನ್ನೂ ತೆಗೆದಿಡಿ. ಹಳೆಯ ಮಾತಿಗೆ, ರೈತಾಪಿ ಮಾತಿಗೆ ಅದು ಈಗಲೂ ಕೈಹಿಡಿಯುತ್ತದೆ.

ವಿಮರ್ಶೆಯ ಪುಸ್ತಕ ಈಗಲೇ ಬೇಡ. ಅದರ ಸರದಿ ಐದನೆಯ ಹಂತದಲ್ಲಿ ಬರುತ್ತದೆ. ಮೊದಲೇ ಓದಿಬಿಟ್ಟರೆ ಅವರ ಕಣ್ಣು ನಿಮ್ಮ ಕಣ್ಣಿನ ಮೇಲೆ ಕೂತುಬಿಡುತ್ತದೆ. ಆಮೇಲೆ ಕವಿತೆಯಲ್ಲಿ ಅವರು ಕಂಡದ್ದಷ್ಟೇ ನಿಮಗೂ ಕಾಣುತ್ತದೆ.

## ಹಂತ 1: ಪಠ್ಯ ಸರಿಯಿದೆಯಾ ನೋಡಿಕೊಳ್ಳಿ

ಇದನ್ನು ಎಲ್ಲರೂ ಹಾರಿಸುತ್ತಾರೆ. ಈ ಕವಿತೆ 1932ರಲ್ಲಿ ಬಂದ ‘ಗರಿ’ ಸಂಕಲನದ್ದು. ಅಂತರ್ಜಾಲದಲ್ಲಿ ಇದರ ಪ್ರತಿಗಳು ಬೇಕಾದಷ್ಟಿವೆ, ಅವುಗಳಲ್ಲಿ ಅಕ್ಷರಗಳು ಅತ್ತಿತ್ತ ಆಗಿವೆ. ಎರಡನೆಯ ನುಡಿಯ ಮೊದಲ ಸಾಲನ್ನೇ ನೋಡಿ. ಒಂದು ಕಡೆ ‘ಕರಿನೆರೆ’ ಅಂತ ಇರುತ್ತದೆ, ಇನ್ನೊಂದು ಕಡೆ ‘ಕರಿನರೆ’ ಅಂತ. ಒಂದು ಎತ್ವದ ವ್ಯತ್ಯಾಸ ಅಂತ ಬಿಟ್ಟರೆ ಕೆಟ್ಟಿತು. ನರೆ ಅಂದರೆ ಬಿಳಿಗೂದಲು, ಮುಪ್ಪಿನ ಗುರುತು. ನೆರೆ ಅಂದರೆ ತಟ್ಟನೆ ನೆನಪಾಗುವುದು ಹೊಳೆಯ ಪ್ರವಾಹ. ‘ಹಕ್ಕಿಯ ಪುಚ್ಚದಲ್ಲಿ ಮುಪ್ಪು ಕಾಣುತ್ತದೆ’ ಅಂತ ನೀವು ವಾದ ಮಾಡಿ, ನಿಮ್ಮ ಪ್ರತಿಯಲ್ಲಿ ‘ನೆರೆ’ ಅಂತ ಇದ್ದರೆ, ಪರೀಕ್ಷಕರು ಅಲ್ಲೇ ಪೆನ್ನು ನಿಲ್ಲಿಸುತ್ತಾರೆ.

ಹಾಗಾಗಿ ಅಚ್ಚಾದ ಒಂದು ಆವೃತ್ತಿಯನ್ನು ಆರಿಸಿಕೊಳ್ಳಿ. ಅದರಲ್ಲಿ ಹೇಗಿದೆಯೋ ಹಾಗೇ ಕೈಯಲ್ಲಿ ಬರೆದುಕೊಳ್ಳಿ. ಟೈಪ್ ಮಾಡಬೇಡಿ, ಕೈಯಲ್ಲೇ ಬರೆಯಿರಿ. ಬರೆಯುವಾಗ ಕಣ್ಣು ಪ್ರತಿ ಅಕ್ಷರದ ಮೇಲೆ ನಿಲ್ಲುತ್ತದೆ.

ಬರೆದ ಮೇಲೆ ನಂಬರು ಹಾಕಿ. ಏಳು ನುಡಿ, ಒಂದೊಂದರಲ್ಲಿ ಐದು ಸಾಲು, ಒಟ್ಟು 35. ‘4.1’ ಅಂದರೆ ನಾಲ್ಕನೆಯ ನುಡಿಯ ಮೊದಲ ಸಾಲು. ಪ್ರಬಂಧದಲ್ಲಿ ಆಧಾರ ಕೊಡುವಾಗ ಇದೇ ನಂಬರು ಸಾಕು.

## ಹಂತ 2: ಗೊತ್ತಿರುವ ಪದಕ್ಕೂ ನಿಘಂಟು ನೋಡಿ

ಗೊತ್ತಿಲ್ಲದ ಪದಕ್ಕೆ ಎಲ್ಲರೂ ನಿಘಂಟು ತೆಗೆಯುತ್ತಾರೆ. ಮೋಸ ಹೋಗುವುದು ಗೊತ್ತು ಅಂದುಕೊಂಡ ಪದದಲ್ಲಿ. ಈ ಕವಿತೆಯಲ್ಲಿ ಅಂಥ ನಾಲ್ಕು ಪದಗಳನ್ನು ನೋಡೋಣ.

‘ಚಿಕ್ಕೆಯ ಮಾಲೆ’ (3.3). ಬೆಂಗಳೂರು, ಮೈಸೂರು ಕಡೆಯವರು ಚಿಕ್ಕೆ ಅಂದರೆ ಚುಕ್ಕಿ ಅಂದುಕೊಂಡು ಮುಂದೆ ಹೋಗುತ್ತಾರೆ. ಧಾರವಾಡದ ಕಡೆ ಚಿಕ್ಕೆ ಅಂದರೆ ನಕ್ಷತ್ರ. ಹಕ್ಕಿ ಸಿಕ್ಕಿಸಿಕೊಂಡಿರುವುದು ನಕ್ಷತ್ರಗಳ ಸರ.

‘ತೆನೆ ಒಕ್ಕಿ’ (4.1). ಒಕ್ಕುವುದು ಅಂದರೆ ಕಣದಲ್ಲಿ ತೆನೆಯಿಂದ ಕಾಳು ಬಿಡಿಸುವುದು. ಇದನ್ನು ‘ಹೊಡೆದು ನಾಶ ಮಾಡಿ’ ಅಂತ ಬರೆದ ಪ್ರಬಂಧಗಳನ್ನು ನಾನು ಲೆಕ್ಕವಿಲ್ಲದಷ್ಟು ಓದಿದ್ದೇನೆ. ಒಕ್ಕಿದಾಗ ತೆನೆ ಹೋಗುತ್ತದೆ, ನಿಜ. ಆದರೆ ಕಾಳು ಉಳಿಯುತ್ತದೆ. ಈ ವ್ಯತ್ಯಾಸ ಮುಂದೆ ನಮ್ಮ ವಾದಕ್ಕೆ ಬೇಕಾಗುತ್ತದೆ.

‘ತಿಂಗಳಿನೂರು’ (6.2). ತಿಂಗಳು ಚಂದ್ರನೂ ಹೌದು, ಮೂವತ್ತು ದಿನದ ಲೆಕ್ಕವೂ ಹೌದು. ಕಾಲದ ಬಗ್ಗೆ ಬರೆಯುವವರು ಇದನ್ನು ಬಿಟ್ಟರೆ ಹೇಗೆ?

‘ಬ್ರಹ್ಮಾಂಡ’ (7.3). ಇದು ಬಾಯಲ್ಲಿ ಸವೆದುಹೋದ ಪದ. ಬಿಡಿಸಿ ನೋಡಿ: ಬ್ರಹ್ಮ, ಅಂಡ. ಅಂಡ ಅಂದರೆ ಮೊಟ್ಟೆ. ಹಕ್ಕಿಯ ಕವಿತೆಯ ಕೊನೆಯ ನುಡಿಯಲ್ಲಿ ಮೊಟ್ಟೆ ಬಂದಿದೆ, ಅದನ್ನು ಒಡೆಯುವ ಮಾತೂ ಬಂದಿದೆ!

ಒಂದು ಎಚ್ಚರಿಕೆ. ನಿಘಂಟಿನಲ್ಲಿ ಒಂದು ಪದಕ್ಕೆ ಎಂಟು ಅರ್ಥ ಇದ್ದರೆ ಎಂಟನ್ನೂ ಕವಿತೆಗೆ ತುರುಕಬೇಡಿ. ಅಕ್ಕಪಕ್ಕದ ಸಾಲು ಒಪ್ಪುವ ಅರ್ಥವನ್ನು ಮಾತ್ರ ತೆಗೆದುಕೊಳ್ಳಿ. ‘ತಿಂಗಳು’ ಚಂದ್ರ ಅನ್ನುವುದಕ್ಕೆ ಮೇಲಿನ ಸಾಲಿನ ‘ಬೆಳ್ಳಿ’, ಅಂದರೆ ಶುಕ್ರಗ್ರಹ, ಸಾಕ್ಷಿ. ಅದು ಮಾಸ ಕೂಡ ಅನ್ನುವುದಕ್ಕೆ ಇಡೀ ಕವಿತೆಯಲ್ಲಿ ಹರಡಿರುವ ಕಾಲದ ಮಾತುಗಳು ಸಾಕ್ಷಿ. ಹೀಗೆ ಸಾಕ್ಷಿ ತೋರಿಸಲು ಆಗದ ಅರ್ಥ ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ.

## ಹಂತ 3: ಯಾವುದು ಸಂಕೇತ, ಯಾವುದು ರೂಪಕ, ಬೇರೆ ಮಾಡಿ

ಇಲ್ಲಿ ಗೊಂದಲ ಜಾಸ್ತಿ. ಪ್ರತಿಮೆ, ರೂಪಕ, ಸಂಕೇತ ಮೂರನ್ನೂ ಒಂದೇ ಅನ್ನುವಂತೆ ಬಳಸುತ್ತಾರೆ. ಪಠ್ಯಪುಸ್ತಕದ ವ್ಯಾಖ್ಯೆ ಬಾಯಿಪಾಠ ಮಾಡುವುದಕ್ಕಿಂತ ಕವಿತೆಯನ್ನೇ ಕೇಳುವುದು ಸುಲಭ.

‘ಸಾಮ್ರಾಜ್ಯದ ತೆನೆ’ ಅನ್ನುವಾಗ ಎರಡೂ ವಸ್ತುಗಳು ಸಾಲಿನಲ್ಲೇ ಇವೆ. ಒಂದು ಕಡೆ ಸಾಮ್ರಾಜ್ಯ, ಇನ್ನೊಂದು ಕಡೆ ತೆನೆ. ಕವಿ ತಾವೇ ಕೂಡಿಸಿ ಕೊಟ್ಟಿದ್ದಾರೆ. ಇದು ರೂಪಕ. ಹಕ್ಕಿಯ ವಿಷಯ ಹಾಗಲ್ಲ. ಹಕ್ಕಿ ಇದೆ, ಅದು ಯಾವುದರ ಬದಲಿಗೆ ನಿಂತಿದೆಯೋ ಆ ವಸ್ತುವಿನ ಹೆಸರಿಲ್ಲ. ‘ಕಾಲವೆಂಬ ಹಕ್ಕಿ’ ಅಂತ ಕವಿತೆ ಎಲ್ಲೂ ಹೇಳುವುದಿಲ್ಲ. ಬೇಕಾದರೆ ಹುಡುಕಿ. ‘ಕಾಲ’ ಅನ್ನುವ ಪದ ಒಂದೇ ಒಂದು ಕಡೆ ಸಿಗುತ್ತದೆ, ಅದೂ ‘ಹೊಸಗಾಲ’ (5.4) ಅಂತ ಸಮಾಸದೊಳಗೆ ಅಡಗಿ, ಹಕ್ಕಿಯ ಹೆಸರಾಗಿ ಅಲ್ಲ. ಹಕ್ಕಿ ಸಂಕೇತ ಅನ್ನುವುದಕ್ಕೆ ಇದೇ ಮೊದಲ ಆಧಾರ. ಹೆಸರು ಹೇಳದೆ ಬಿಟ್ಟಿದ್ದಾರೆ, ಮತ್ತೆ ಮತ್ತೆ ತಂದಿದ್ದಾರೆ, ಪ್ರತಿ ನುಡಿಯಲ್ಲೂ ಹೊಸ ಭಾರ ಹೊರಿಸಿದ್ದಾರೆ.

ಈಗ ಬಣ್ಣದ ಪೆನ್ಸಿಲ್ಲು ತೆಗೆಯಿರಿ. ಹಕ್ಕಿಗೆ ಸೇರಿದ್ದೆಲ್ಲ ಒಂದು ಬಣ್ಣ: ಪುಚ್ಚ, ಗರಿ, ರೆಕ್ಕೆ, ಕಣ್ಣು, ಚುಂಚ. ರೂಪಕಗಳೆಲ್ಲ ಇನ್ನೊಂದು ಬಣ್ಣ: ಸಾಮ್ರಾಜ್ಯದ ತೆನೆ, ಬೆಳ್ಳಿಯ ಹಳ್ಳಿ, ತಿಂಗಳಿನ ಊರು, ಮಂಗಳಲೋಕದ ಅಂಗಳ. ಗುರುತು ಹಾಕಿದ ಮೇಲೆ ಕಾಗದವನ್ನು ದೂರ ಹಿಡಿದು ನೋಡಿ. ಚಿಕ್ಕ ರೂಪಕಗಳು ದೊಡ್ಡ ಸಂಕೇತದ ಕೈಕೆಳಗೆ ಕೆಲಸ ಮಾಡುತ್ತಿರುವುದು ಕಾಣುತ್ತದೆ. ಸಾಮ್ರಾಜ್ಯ ತೆನೆಯಷ್ಟು ಚಿಕ್ಕದಾದದ್ದು, ಗ್ರಹ ಹಳ್ಳಿಯಷ್ಟು ಹತ್ತಿರವಾದದ್ದು ಹಕ್ಕಿಯ ಅಳತೆಗೆ ತಕ್ಕಂತೆ.

ಕೆಟ್ಟ ಲಕ್ಷಣ ಹೇಗೆ ಗೊತ್ತಾಗುತ್ತದೆ? ನಿಮ್ಮ ನೋಟ್‌ಬುಕ್ಕಿನಲ್ಲಿ ‘ಪುಚ್ಚ ಅಂದರೆ ಭೂತಕಾಲ, ಗರಿ ಅಂದರೆ ವರ್ತಮಾನ, ರೆಕ್ಕೆ ಅಂದರೆ ಭವಿಷ್ಯ’ ಅಂತ ಸಮೀಕರಣಗಳ ಪಟ್ಟಿ ಬೆಳೆಯುತ್ತಿದ್ದರೆ ನಿಲ್ಲಿಸಿ. ಅದು ಒಗಟು ಬಿಡಿಸುವ ಕೆಲಸ, ಕವಿತೆ ಓದುವ ಕೆಲಸ ಅಲ್ಲ. ಪುಚ್ಚದ ಕಪ್ಪು, ಗರಿಯ ಬಿಳಿ, ರೆಕ್ಕೆಯ ಕೆಂಪು-ಹೊನ್ನು, ಈ ಮೂರು ಬಣ್ಣಗಳನ್ನು ಇರುಳು, ಹಗಲು, ಸಂಜೆ-ಮುಂಜಾವು ಅಂತಲೂ ಓದಬಹುದು. ಅದಕ್ಕೆ ‘ಇರುಳಿರುಳಳಿದು ದಿನದಿನ ಬೆಳಗೆ’ ಅನ್ನುವ ಮೊದಲ ಸಾಲಿನ ಬೆಂಬಲವಿದೆ. ಭೂತ-ವರ್ತಮಾನ-ಭವಿಷ್ಯಕ್ಕೆ ಯಾವ ಸಾಲಿನ ಬೆಂಬಲವಿದೆ? ಈ ಪ್ರಶ್ನೆಯನ್ನು ಪ್ರತಿ ಸಮೀಕರಣಕ್ಕೂ ಹಾಕಿ. ಅರ್ಧಕ್ಕರ್ಧ ಅಲ್ಲೇ ಉದುರಿಹೋಗುತ್ತವೆ.

## ಹಂತ 4: ಕ್ರಿಯಾಪದಗಳ ಪಟ್ಟಿ ಮಾಡಿ

ಇಡೀ ಕೆಲಸದಲ್ಲಿ ಅತಿ ಮುಖ್ಯ ಹಂತ ಇದು. ಒಂದು ಸಂಜೆ ಪೂರ್ತಿ ಇದಕ್ಕೇ ಇಡಿ. ಸಂಕೇತ ಯಾವುದು ಅಂತ ನಾಮಪದ ಹೇಳುತ್ತದೆ. ಅದು ಏನು ಮಾಡುತ್ತಿದೆ ಅಂತ ಕ್ರಿಯಾಪದ ಹೇಳುತ್ತದೆ. ವಿದ್ಯಾರ್ಥಿಗಳು ನಾಮಪದಕ್ಕೇ ಅಂಟಿಕೊಳ್ಳುವುದರಿಂದ ಎಲ್ಲರ ಪ್ರಬಂಧವೂ ಒಂದೇ ಆಗಿಬಿಡುತ್ತದೆ.

ಏಳು ನುಡಿಗೆ ಏಳು ಸಾಲು ಎಳೆದು, ಒಂದೊಂದರಲ್ಲಿ ಬರುವ ಕ್ರಿಯೆಗಳನ್ನು ಬರೆಯಿರಿ. ಎರಡನೆಯ ನುಡಿಯಲ್ಲಿ ಬರುವುದು ಬರೀ ‘ಉಂಟು’. ಹಕ್ಕಿ ಅಲ್ಲಿ ಏನೂ ಮಾಡುವುದಿಲ್ಲ, ಸುಮ್ನೆ ಇದೆ. ನಾವು ನೋಡುತ್ತಿದ್ದೇವೆ. ನಾಲ್ಕನೆಯದಕ್ಕೆ ಬಂದರೆ ಒಕ್ಕಿ, ಮುಕ್ಕಿ, ತೇಲಿಸಿ, ಮುಳುಗಿಸಿ, ಕುಕ್ಕಿ. ಐದರಲ್ಲಿ ಒರಸಿ, ತೆರೆಸಿ, ಚೇತನೆಗೊಳಿಸಿ, ಹರಸಿ. ಆರರಲ್ಲಿ ಮೀರಿ, ಹೀರಿ, ಏರಿ. ಏಳರಲ್ಲಿ ಮುಟ್ಟಿದೆ, ಚಾಚಿದೆ.

ಈಗ ವ್ಯಾಕರಣ ನೋಡಿ. ನಾಲ್ಕರಿಂದ ಆರರವರೆಗೆ ಒಂದು ಕ್ರಿಯೆಯೂ ಪೂರ್ತಿ ಆಗಿಲ್ಲ. ‘ಒಕ್ಕಿ’, ‘ಮುಕ್ಕಿ’, ‘ಒರಸಿ’, ‘ಮೀರಿ’ ಎಲ್ಲವೂ ಮುಂದಿನ ಕ್ರಿಯೆಗೆ ಕಾಯುತ್ತಿವೆ. ವಾಕ್ಯ ಮುಗಿಯುವುದು ಪಲ್ಲವಿಯಲ್ಲಿ, ‘ಹಾರುತಿದೆ’ ಅನ್ನುವಾಗ. ಅಂದರೆ ಸಾಮ್ರಾಜ್ಯಗಳು ಹೋದದ್ದು ಒಂದು ಸ್ವತಂತ್ರ ವಾಕ್ಯಕ್ಕೂ ಯೋಗ್ಯವಾಗಲಿಲ್ಲ. ಅದು ಹಾರಾಟದ ಮಧ್ಯೆ ಆಗಿಹೋದ ಚಿಕ್ಕ ಕೆಲಸ. ಈ ಮೂರು ನುಡಿಗಳಾದ ಮೇಲೆ ಏಳನೆಯದರಲ್ಲಿ ‘ಮುಟ್ಟಿದೆ’, ‘ಚಾಚಿದೆ’ ಅಂತ ವಾಕ್ಯ ಪಲ್ಲವಿಗೆ ಮೊದಲೇ ಮುಗಿದುಬಿಡುತ್ತದೆ. ಹಾಗಾಗಿ ಕೊನೆಯ ಸಲ ‘ಹಕ್ಕಿ ಹಾರುತಿದೆ ನೋಡಿದಿರಾ’ ಅನ್ನುವುದು ಯಾವುದರ ಬಾಲವೂ ಆಗದೆ ಒಂಟಿಯಾಗಿ ನಿಲ್ಲುತ್ತದೆ. ಅದೇ ಸಾಲು, ಆದರೆ ಬೇರೆ ತೂಕ.

ಪಲ್ಲವಿಯನ್ನೂ ಬಿಡಬೇಡಿ. ಏಳು ಸಲ ಬರುತ್ತದೆ ಅಂತ ಎಣಿಸಿ ಬಿಟ್ಟುಬಿಡುತ್ತಾರೆ. ಅದರೊಳಗೆ ಎರಡು ಕಾಲಗಳಿವೆ. ‘ಹಾರುತಿದೆ’ ಈಗ ನಡೆಯುತ್ತಿದೆ. ‘ನೋಡಿದಿರಾ’ ಆಗಿಹೋದದ್ದನ್ನು ಕೇಳುತ್ತದೆ. ‘ನೋಡುತ್ತಿದ್ದೀರಾ’ ಅಂತ ಕೇಳಿಲ್ಲ. ಹಾರುವುದು ಇನ್ನೂ ನಿಂತಿಲ್ಲ, ನೋಡುವ ಅವಕಾಶ ಆಗಲೇ ಹಿಂದೆ ಬಿದ್ದಿದೆ. ಇದನ್ನು ‘ಎವೆ ತೆರೆದಿಕ್ಕುವ ಹೊತ್ತಿನ ಒಳಗೆ’ (1.4) ಅನ್ನುವುದರ ಪಕ್ಕ ಇಡಿ. ಹಕ್ಕಿ ದಾಟಿಹೋಗುವುದು ಕಣ್ಣು ಮಿಟುಕುವಷ್ಟರಲ್ಲಿ, ಅಂದರೆ ಕಣ್ಣು ಮುಚ್ಚುವ ಹೊತ್ತಿನಲ್ಲಿ. ಇನ್ನು ಮೂರನೆಯ ನುಡಿಯಲ್ಲಿ ಹಕ್ಕಿಗೇ ಕಣ್ಣು ಬರುತ್ತದೆ. ಸೂರ್ಯ, ಚಂದ್ರ. ನಮ್ಮ ಕಣ್ಣು ಮಿಟುಕುತ್ತದೆ, ಅದರ ಎರಡು ಕಣ್ಣುಗಳಲ್ಲಿ ಒಂದು ಹಗಲಿಗೆ, ಒಂದು ಇರುಳಿಗೆ.

ನನಗೆ ಈ ಜೋಡಣೆ ಹೊಳೆದದ್ದು ಹತ್ತಾರು ಸಲ ಪಾಠ ಮಾಡಿದ ಮೇಲೆ. ಅದೂ ‘ಸಾರ್, ಕವಿ ಯಾಕೆ ನೋಡಿದಿರಾ ಅಂತ ಕೇಳ್ತಾರೆ, ನೋಡಿ ಅಂತ ಯಾಕೆ ಹೇಳಲ್ಲ?’ ಅಂತ ಹಿಂದಿನ ಬೆಂಚಿನ ಒಬ್ಬ ಹುಡುಗ ಕೇಳಿದಾಗ.

## ಹಂತ 5: ಒಗ್ಗದ ಸಾಲು ಹುಡುಕಿ, ಆಮೇಲೆ ವಾದದ ವಾಕ್ಯ ಬರೆಯಿರಿ

‘ಹಕ್ಕಿ ಕಾಲದ ಸಂಕೇತ’ ಅನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದಕ್ಕೇ ಅದು ವಾದ ಅಲ್ಲ. ಎದುರಾಡಲು ಜಾಗವಿಲ್ಲದ ವಾಕ್ಯದಿಂದ 1500 ಪದ ಹುಟ್ಟುವುದಿಲ್ಲ. ಸಾರಾಂಶ ಹುಟ್ಟುತ್ತದೆ.

ವಾದ ಬೇಕಾದರೆ ನಿಮ್ಮ ಅರ್ಥಕ್ಕೆ ಒಗ್ಗದ ಸಾಲನ್ನು ನೀವೇ ಹುಡುಕಿ. ಇಲ್ಲಿ ಅದು ಆರನೆಯ ನುಡಿ. ಕಾಲ ರಾಜರನ್ನು ಕುಕ್ಕುತ್ತದೆ, ಸರಿ. ಯುಗಗಳ ಹಣೆಬರಹ ಒರಸುತ್ತದೆ, ಅದೂ ಸರಿ. ಆದರೆ ಕಾಲ ‘ಆಡಲು ಹಾಡಲು ತಾ ಹಾರಾಡಲು’ (6.3) ಮಂಗಳಲೋಕಕ್ಕೆ ಯಾಕೆ ಹೋಗುತ್ತದೆ? ಇಲ್ಲಿ ಹಕ್ಕಿಗೆ ತನ್ನದೇ ಒಂದು ಖುಷಿ ಇದೆ. ‘ತಾ’ ಅನ್ನುವ ಒಂದಕ್ಷರ ನೋಡಿ. ಇದು ಗಡಿಯಾರದ ಕಾಲ ಅಲ್ಲ. ಕೆಲವರು ಈ ನುಡಿಯಿಂದ ಹಕ್ಕಿಯನ್ನು ಮನುಷ್ಯನ ಕಲ್ಪನೆ ಅಂತ ಓದುತ್ತಾರೆ. ಅದಕ್ಕೂ ಜಾಗ ಇದೆ. ಆದರೆ ಹಾಗೆ ಓದಿದರೆ ನಾಲ್ಕನೆಯ ನುಡಿಯ ಮುಕ್ಕುವ, ಕುಕ್ಕುವ ಕೆಲಸ ಕಲ್ಪನೆಗೆ ಒಗ್ಗುವುದಿಲ್ಲ. ಒಂದು ಅರ್ಥ ಹಿಡಿದರೆ ಒಂದು ನುಡಿ ಕೈಬಿಡುತ್ತದೆ. ಈ ಎಳೆದಾಟವೇ ನಿಮ್ಮ ಬಂಡವಾಳ.

ಈಗ ವಾದದ ವಾಕ್ಯ ಬರೆಯೋಣ. ಮೊದಲ ಪ್ರಯತ್ನ: ‘ಬೇಂದ್ರೆಯವರು ಹಕ್ಕಿಯ ಸಂಕೇತದ ಮೂಲಕ ಕಾಲದ ಮಹತ್ವವನ್ನು ಸಾರಿದ್ದಾರೆ.’ ಇದನ್ನು ಹರಿದು ಹಾಕಿ. ‘ಮಹತ್ವವನ್ನು ಸಾರಿದ್ದಾರೆ’ ಅನ್ನುವುದನ್ನು ಯಾವ ಕವಿತೆಗೆ ಬೇಕಾದರೂ ಅಂಟಿಸಬಹುದು. ಎರಡನೆಯದು: ‘ಹಕ್ಕಿ ನಾಶವನ್ನೂ ಸೃಷ್ಟಿಯನ್ನೂ ಮಾಡುವ ಕಾಲದ ಸಂಕೇತ.’ ಪರವಾಗಿಲ್ಲ, ನಾಲ್ಕು-ಐದನೆಯ ನುಡಿ ಇದರೊಳಗೆ ಬಂತು. ಆದರೆ ಪಲ್ಲವಿಗೆ ಇದರಲ್ಲಿ ಜಾಗವಿಲ್ಲ. ಏಳು ಸಲ ಬಂದ ಪ್ರಶ್ನೆಯನ್ನು ಬಿಟ್ಟ ವಾದ ಅರ್ಧ ವಾದ.

ಮೂರನೆಯದು: ‘ಹಕ್ಕಿಯನ್ನು ಕಾಲ ಎಂದು ಓದಲು ಕವಿತೆಯಲ್ಲಿ ಆಧಾರವಿದ್ದರೂ, ಕವಿತೆ ಅದಕ್ಕೆ ಹೆಸರಿಡುವುದಿಲ್ಲ. ಮೊದಲ ನುಡಿಯ ನೋಡುವ ಪ್ರಶ್ನೆಯಿಂದ ಕೊನೆಯ ನುಡಿಯ ಬಲ್ಲವರು ಯಾರು ಎಂಬ ಪ್ರಶ್ನೆಯವರೆಗೆ ಸಾಗಿ, ಈ ಸಂಕೇತ ಮನುಷ್ಯನ ನೋಟಕ್ಕೆ ಪೂರ್ತಿ ಸಿಗದೆ ಉಳಿಯುತ್ತದೆ.’

ಇದಕ್ಕೆ ಎದುರು ಹೇಳಬಹುದು. ಸಾಲು ತೋರಿಸಿ ಸಾಧಿಸಬೇಕು. ಆರನೆಯ ನುಡಿಯ ತೊಡಕಿಗೂ ಇದರಲ್ಲಿ ಜಾಗವಿದೆ, ಹೆಸರಿಗೆ ಸಿಗದ ಹಕ್ಕಿ ತನ್ನ ಖುಷಿಗೆ ಹಾರುವುದರಲ್ಲಿ ಆಶ್ಚರ್ಯವಿಲ್ಲ ಅಲ್ವಾ?

ವಿಮರ್ಶೆ ಓದುವುದು ಈಗ, ವಾಕ್ಯ ಸಿಕ್ಕ ಮೇಲೆ. ಎರಡೋ ಮೂರೋ ಲೇಖನ ಸಾಕು. ನಿಮ್ಮ ಮಾತನ್ನು ಒಪ್ಪುವವರಿಗಿಂತ ಒಪ್ಪದವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ. ಅವರ ಒಂದು ಮಾತು ಎತ್ತಿಕೊಂಡು, ಎಲ್ಲಿ ಸರಿ, ಯಾವ ಸಾಲಿನಲ್ಲಿ ಅದು ನಿಲ್ಲುವುದಿಲ್ಲ ಅಂತ ತೋರಿಸಿ. ‘ಖ್ಯಾತ ವಿಮರ್ಶಕರು ಹೇಳುವಂತೆ’ ಅಂತ ಶುರುಮಾಡಿ ಅರ್ಧ ಪುಟ ನಕಲು ಮಾಡಿದರೆ ಅಂಕ ಅವರಿಗೆ ಹೋಗುತ್ತದೆ, ನಿಮಗಲ್ಲ.

## ಹಂತ 6: ಪ್ಯಾರಾ ಕಟ್ಟುವ ಕ್ರಮ

ಒಂದು ಪ್ಯಾರಾದಲ್ಲಿ ನಾಲ್ಕು ಕೆಲಸ ಆಗಬೇಕು. ನಿಮ್ಮ ಮಾತು, ಕವಿತೆಯ ತುಣುಕು, ಆ ತುಣುಕಿನ ಒಂದು ಪದದ ಮೇಲೆ ವಿವರಣೆ, ಅದರಿಂದ ಒಟ್ಟು ವಾದಕ್ಕೆ ಏನಾಯಿತು ಅನ್ನುವುದು. ಮೂರನೆಯದನ್ನು ಬಿಡುವುದೇ ಸಾಮಾನ್ಯ ತಪ್ಪು. ಸಾಲು ಹಾಕುತ್ತಾರೆ, ‘ಎಂಬಲ್ಲಿ ಇದು ಸ್ಪಷ್ಟವಾಗುತ್ತದೆ’ ಅನ್ನುತ್ತಾರೆ, ಮುಂದೆ ಹೋಗುತ್ತಾರೆ. ಏನು ಸ್ಪಷ್ಟವಾಯಿತು, ಯಾವ ಪದದಿಂದ?

ನಾಲ್ಕನೆಯ ನುಡಿಯ ಮೇಲೆ ಸಾಮಾನ್ಯವಾಗಿ ಬರುವ ಪ್ಯಾರಾ ಹೀಗಿರುತ್ತದೆ:

> ನಾಲ್ಕನೆಯ ನುಡಿಯಲ್ಲಿ ಕವಿಯು ಕಾಲವೆಂಬ ಹಕ್ಕಿಯು ರಾಜ್ಯ, ಸಾಮ್ರಾಜ್ಯಗಳನ್ನು ನಾಶ ಮಾಡುವುದನ್ನು ಸುಂದರವಾಗಿ ವರ್ಣಿಸಿದ್ದಾರೆ. ಎಂಥ ಸಾರ್ವಭೌಮರೂ ಕಾಲಕ್ಕೆ ತಲೆಬಾಗಲೇಬೇಕು ಎಂಬ ಸಂದೇಶ ಇಲ್ಲಿದೆ.

ತಪ್ಪೇನೂ ಇಲ್ಲ. ಆದರೆ ಕವಿತೆಯನ್ನು ತೆರೆಯದೆಯೂ ಇದನ್ನು ಬರೆಯಬಹುದಿತ್ತು. ಅದೇ ನುಡಿಯನ್ನು ಹೀಗೆ ಬರೆದು ನೋಡಿ:

> ಅಧಿಕಾರವನ್ನು ಕವಿತೆ ಉರುಳಿಸುವ ಮೊದಲು ಚಿಕ್ಕದು ಮಾಡುತ್ತದೆ. ‘ಮಂಡಲ-ಗಿಂಡಲ’ (4.2) ಎಂಬಲ್ಲಿ ‘ಗಿಂಡಲ’ಕ್ಕೆ ಸ್ವತಂತ್ರ ಅರ್ಥವಿಲ್ಲ. ಪುಸ್ತಕ-ಗಿಸ್ತಕ ಎನ್ನುವ ಆಡುಮಾತಿನ ಉಡಾಫೆಯೇ ಇಲ್ಲಿ ರಾಜಮಂಡಲಗಳಿಗೂ ಅನ್ವಯವಾಗಿದೆ. ಇದೇ ‘ಮಂಡಲ’ ಪದ ‘ನೀಲಮೇಘಮಂಡಲ’ (3.1), ‘ದಿಗ್ಮಂಡಲ’ (7.1) ಎಂದು ಆಕಾಶಕ್ಕೆ ಬಂದಾಗ ಈ ಗೇಲಿ ಇಲ್ಲ. ಹಕ್ಕಿಯ ಮೈಬಣ್ಣಕ್ಕೂ ಅದು ಮುಟ್ಟುವ ಅಂಚಿಗೂ ಸಂದ ಗೌರವ ರಾಜರಿಗೆ ಸಿಗುವುದಿಲ್ಲ. ಆದರೆ ಇದು ಬರೀ ನಾಶವೂ ಅಲ್ಲ. ‘ತೆನೆ ಒಕ್ಕಿ’ (4.1) ಎಂಬುದು ಕಣದ ಕೆಲಸ. ಒಕ್ಕಿದ ಮೇಲೆ ಕಾಳು ಉಳಿಯುತ್ತದೆ. ಮುಂದಿನ ನುಡಿಯ ‘ಹಸುಮಕ್ಕಳ ಹರಸಿ’ (5.4) ಎಂಬ ಮಾತಿಗೆ ಇಲ್ಲಿಯೇ ಬೀಜ ಬಿದ್ದಿದೆ.

ಎರಡರಲ್ಲೂ ಹೇಳಿದ ವಿಷಯ ಹೆಚ್ಚುಕಡಿಮೆ ಒಂದೇ. ಎರಡನೆಯದರಲ್ಲಿ ಪ್ರತಿ ವಾಕ್ಯದ ಕೆಳಗೂ ಕವಿತೆಯ ಒಂದು ಪದ ಇದೆ. ಎತ್ತಿಕೊಂಡ ತುಣುಕುಗಳು ಎಷ್ಟು ಚಿಕ್ಕವು ಅನ್ನುವುದನ್ನೂ ಗಮನಿಸಿ. ಇಡೀ ನುಡಿ ಬರೆದು ಜಾಗ ತುಂಬಿಸಿಲ್ಲ. ಎರಡು ಪದ ಸಾಕಾದಲ್ಲಿ ಎರಡೇ ಪದ.

ಶಬ್ದದ ಆಧಾರವನ್ನು ಬಳಸುವಾಗ ಸ್ವಲ್ಪ ಹುಷಾರಾಗಿರಿ. ಒಕ್ಕಿ, ಮುಕ್ಕಿ, ಕುಕ್ಕಿ ಮೂರೂ ‘ಹಕ್ಕಿ’ಗೆ ಪ್ರಾಸವಾಗಿವೆ. ಆ ನುಡಿಯ ಹಿಂಸೆಯೆಲ್ಲ ಹಕ್ಕಿಯ ಹೆಸರಿನ ಸದ್ದಿನಲ್ಲೇ ನಡೆಯುತ್ತದೆ ಅಂತ ಹೇಳಬಹುದು, ಯಾಕೆಂದರೆ ಅದು ಕಿವಿಗೆ ಕೇಳುತ್ತದೆ. ‘ಕಕಾರದ ಒತ್ತು ಕವಿಯ ಮನಸ್ಸಿನ ಕೋಪ ಸೂಚಿಸುತ್ತದೆ’ ಅಂತ ಬರೆದರೆ ಸಾಲಿನಿಂದ ಜಿಗಿದು ಎಲ್ಲಿಗೋ ಹೋದಿರಿ.

ಇತಿಹಾಸಕ್ಕೂ ಇದೇ ಲಗಾಮು. 1932ರಲ್ಲಿ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಬ್ರಿಟಿಷರ ಕೈಕೆಳಗೆ ಇತ್ತು. ‘ಸಾಮ್ರಾಜ್ಯ’, ‘ಸಾರ್ವಭೌಮ’ ಅನ್ನುವ ಪದಗಳಿಗೆ ಆಗ ಬೇರೆಯ ಬಿಸಿ ಇದ್ದಿರಬೇಕು. ಇದನ್ನು ಒಂದು ವಾಕ್ಯದಲ್ಲಿ ಹೇಳಿ, ಆ ಪದಗಳಿಗೆ ಕಟ್ಟಿ, ಬಿಟ್ಟುಬಿಡಿ. ಸ್ವಾತಂತ್ರ್ಯ ಹೋರಾಟದ ಮೇಲೆ ಒಂದು ಪುಟ ಬರೆದರೆ ಹಕ್ಕಿ ಹಾರಿಹೋಗಿರುತ್ತದೆ.

## ಹಂತ 7: ಜೋಡಣೆ

ನುಡಿಯ ಕ್ರಮದಲ್ಲಿ ಒಂದರಿಂದ ಏಳರವರೆಗೆ ಬರೆಯಬೇಡಿ. ಹಾಗೆ ಬರೆದರೆ ಎಷ್ಟೇ ಜಾಣತನ ಮಾಡಿದರೂ ಸಾರಾಂಶದ ಕಡೆ ಜಾರುತ್ತದೆ. ವಾದದ ಮೆಟ್ಟಿಲಿನಂತೆ ಜೋಡಿಸಿ. ನಮ್ಮ ಪ್ರಬಂಧಕ್ಕೆ ನಾನು ಹೀಗೆ ಜೋಡಿಸುತ್ತೇನೆ: ಪೀಠಿಕೆ ನೂರೈವತ್ತು ಪದ, ಅದರ ಕೊನೆಯಲ್ಲಿ ವಾದದ ವಾಕ್ಯ. ಆಮೇಲೆ ಹಕ್ಕಿಯನ್ನು ಕಾಲ ಅನ್ನಲು ಇರುವ ಆಧಾರ, ಹೆಚ್ಚೆಂದರೆ 250 ಪದ. ಎಲ್ಲರೂ ಒಪ್ಪುವ ಮಾತಿಗೆ ಅಷ್ಟೇ ಸಾಕು. ಮುಂದೆ ನಾಲ್ಕು-ಐದನೆಯ ನುಡಿಗಳ ಒಕ್ಕುವಿಕೆ ಮತ್ತು ಹರಕೆ, ಸುಮಾರು 350. ನಂತರ ಆರನೆಯ ನುಡಿಯ ತೊಡಕು, 250. ಉಳಿದ ಐನೂರು ಪದವನ್ನು ಕಣ್ಣು, ಪಲ್ಲವಿ, ಏಳನೆಯ ನುಡಿ ಮತ್ತು ಉಪಸಂಹಾರಕ್ಕೆ ಇಡಿ. ನಿಮ್ಮ ಸ್ವಂತ ಮಾತು ಇರುವುದು ಅಲ್ಲೇ.

ಏಳನೆಯ ನುಡಿಯಲ್ಲಿ ಮೊಟ್ಟೆಯ ವಿಷಯಕ್ಕೆ ಬನ್ನಿ. ಚುಂಚದಿಂದ ಮೊಟ್ಟೆ ಒಡೆಯುವುದು ಕೊಲ್ಲುವುದೂ ಆಗಬಹುದು, ಮರಿ ಹೊರಗೆ ಬರುವುದೂ ಆಗಬಹುದು. ಯಾವುದು ಅಂತ ಕವಿತೆ ತೀರ್ಮಾನಿಸಿಲ್ಲ. ‘ಬಲ್ಲರು ಯಾರಾ’ (7.4) ಅಂತ ಕೇಳಿ, ‘ಹೊಂಚ’ ಅನ್ನುವ ಅನುಮಾನದ ಪದ ಇಟ್ಟು ಬಿಟ್ಟಿದೆ. ನೀವೂ ತೀರ್ಮಾನಿಸಬೇಡಿ. ಎರಡಕ್ಕೂ ಸಾಲಿನಲ್ಲಿ ಜಾಗ ಹೇಗಿದೆ ಅಂತ ತೋರಿಸಿದರೆ ಅದೇ ಒಳ್ಳೆಯ ವಿಶ್ಲೇಷಣೆ.

ಉಪಸಂಹಾರಕ್ಕೆ ನಾಲ್ಕೈದು ವಾಕ್ಯ. ಅದರಲ್ಲಿ ಪೀಠಿಕೆಯನ್ನು ಮತ್ತೆ ಬರೆಯುವುದು ಬೇಡ. ಕೊನೆಯ ನುಡಿಯನ್ನು ಓದಿದ ಮೇಲೆ ಮೊದಲ ನುಡಿಯ ‘ನೋಡಿದಿರಾ’ ಹೇಗೆ ಬದಲಾಗಿ ಕೇಳುತ್ತದೆ ಅಂತ ಹೇಳಿದರೆ ಸಾಕು.

## ಹಂತ 8: ಕೊಡುವ ಮೊದಲು

ಒಂದು ದಿನ ಬಿಟ್ಟು ಓದಿ. ಪೆನ್ಸಿಲ್ಲಿನಿಂದ ಮೂರು ಗುರುತು ಹಾಕಿ.

ಮೊದಲು, ‘ಸುಂದರವಾಗಿ’, ‘ಮನೋಜ್ಞವಾಗಿ’, ‘ಅದ್ಭುತವಾಗಿ’ ಇರುವ ಕಡೆಯೆಲ್ಲ. ಅಲ್ಲಿ ಪುರಾವೆ ಇರಬೇಕಿತ್ತು, ಹೊಗಳಿಕೆ ಕೂತಿದೆ. ಹೊಗಳಿಕೆ ತೆಗೆದರೆ ವಾಕ್ಯ ಖಾಲಿಯಾಗುತ್ತದೆಯೇ ನೋಡಿ. ಖಾಲಿಯಾದರೆ ಇಡೀ ವಾಕ್ಯವನ್ನೇ ತೆಗೆಯಿರಿ.

ಎರಡನೆಯದು, ಕವಿತೆಯ ಒಂದು ಪದವೂ ಇಲ್ಲದ ಪ್ಯಾರಾ. ಪೀಠಿಕೆ ಬಿಟ್ಟರೆ ಅಂಥದ್ದು ಒಂದೂ ಇರಬಾರದು.

ಮೂರನೆಯದು, ಉಲ್ಲೇಖದ ತುಣುಕುಗಳು. ಒಂದೊಂದನ್ನೂ ನೀವು ಕೈಯಲ್ಲಿ ಬರೆದುಕೊಂಡ ಪ್ರತಿಯ ಜೊತೆ ಅಲ್ಲ, ಅಚ್ಚಾದ ಪುಸ್ತಕದ ಜೊತೆಯೇ ಹೋಲಿಸಿ. ಬರೆದುಕೊಳ್ಳುವಾಗಲೇ ತಪ್ಪಾಗಿರಬಹುದು. ‘ಸೆಕ್ಕಿಸಿಕೊಂಡು’ ಅನ್ನುವುದನ್ನು ನಮ್ಮ ಕೈ ತಾನಾಗಿ ‘ಸಿಕ್ಕಿಸಿಕೊಂಡು’ ಅಂತ ತಿದ್ದಿಬಿಡುತ್ತದೆ. ‘ಅಂಚ’, ‘ಚುಂಚ’, ‘ಹೊಂಚ’ಗಳಲ್ಲಿ ಕೊನೆಯದು ‘ಹೊಂಚು’ ಆಗಿಬಿಟ್ಟರೆ ಪ್ರಾಸವೂ ಹೋಯಿತು, ಅದರ ಮೇಲೆ ನೀವು ಬರೆದ ಮಾತೂ ಹೋಯಿತು.